990ರ ಆಸೆ, ಮೆಜೆಸ್ಟಿಕ್‌ನಲ್ಲಿ ತುಂಡಾದ ಹಾಡು

ಹೊಸ ಇಯರ್‌ಬಡ್ಸ್ ಕೊಂಡ ಮರುವಾರವೇ ನನ್ನ ಸೋದರಳಿಯ ಫೋನ್ ಮಾಡಿದ. "ಮಾಮ, ಬಡ್ಸ್ ಕೆಟ್ಟಿರ್ಬೇಕು ಅನ್ಸುತ್ತೆ. ಮನೇಲಿ ಚೆನ್ನಾಗೇ ಹಾಡುತ್ತೆ. ವಿಜಯನಗರದಲ್ಲಿ ಮೆಟ್ರೋ ಹತ್ತಿದಾಗ್ಲೂ ಸರಿಯಾಗಿರುತ್ತೆ. ಮೆಜೆಸ್ಟಿಕ್ ಬಂದು ಜನ ನುಗ್ಗಿದ್ರೆ ಸಾಕು, ಹಾಡು ತುಂಡು ತುಂಡಾಗುತ್ತೆ. ಚಾರ್ಜೂ ಮೊದಲಿನಷ್ಟು ಬರ್ತಿಲ್ಲ."

"ಮೊದಲ ದಿನದಿಂದ್ಲೂ ಹೀಗೇನಾ?"

"ಇಲ್ಲ, ಮೊದಲ ಎರಡು ದಿನ ಸರಿಯಿತ್ತು. ಆಮೇಲೆ ಫ್ರೆಂಡ್ ಒಬ್ಬ ಹೇಳ್ದ ಅಂತ ಡೆವಲಪರ್ ಆಪ್ಷನ್ಸ್‌ಗೆ ಹೋಗಿ ಕೋಡೆಕ್ ಬದಲಾಯಿಸ್ದೆ. ಅದು ಮತ್ತೆ ಮತ್ತೆ ಹಳೇದಕ್ಕೇ ಹೋಗುತ್ತೆ. ಅದಕ್ಕೆ ದಿನಾ ಬೆಳಗ್ಗೆ ಕನೆಕ್ಟ್ ಆದ್ಮೇಲೆ 990ಕ್ಕೆ ಇಟ್ಕೋತೀನಿ."

ಬಡ್ಸ್ ಕೆಟ್ಟಿರಲಿಲ್ಲ. ಅವನು ದಿನಾ ಬೆಳಗ್ಗೆ ಇಡುತ್ತಿದ್ದ ಆ ಸಂಖ್ಯೆಯಲ್ಲೇ ತೊಂದರೆಯಿತ್ತು. ಭಾನುವಾರ ಅವನನ್ನು ಮನೆಗೆ ಕರೆದು, ಇಬ್ಬರೂ ಕೂತು ಆ ಸೆಟ್ಟಿಂಗನ್ನು ಒಂದೊಂದಾಗಿ ಬಿಡಿಸಿ ನೋಡಿದೆವು. ಬ್ಲೂಟೂತ್‌ನಲ್ಲಿ ಹಾಡು ಕೇಳುವ ಯಾರಿಗಾದರೂ ಇದು ಉಪಯೋಗಕ್ಕೆ ಬರುತ್ತದೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಹಾಡನ್ನು ಮಡಚಿ ಕಳಿಸುವ ಕೆಲಸ

ಆ್ಯಪ್‌ನಲ್ಲಿರುವ ಹಾಡು ನೇರವಾಗಿ ಹಾರಿಹೋಗಿ ಕಿವಿ ಸೇರುತ್ತದೆ ಎಂದು ನಮಗೆ ಅನಿಸುತ್ತದೆ. ಹಾಗಾಗುವುದಿಲ್ಲ. ಫೋನು ಮೊದಲು ಆ ಹಾಡನ್ನು ಪೂರ್ತಿ ಬಿಡಿಸುತ್ತದೆ. ಅಷ್ಟರಲ್ಲಿ ಮೆಸೇಜ್ ಬಂದ ಸದ್ದೋ ಮ್ಯಾಪ್ ಹೇಳುವ ದಾರಿಯೋ ಇದ್ದರೆ ಅದನ್ನೂ ಹಾಡಿಗೆ ಬೆರೆಸುತ್ತದೆ. ಆಮೇಲೆ ಎಲ್ಲವನ್ನೂ ಹೊಸದಾಗಿ ಮಡಚಿ ಬ್ಲೂಟೂತ್ ರೇಡಿಯೋ ಮೂಲಕ ಕಳಿಸುತ್ತದೆ. ಕಿವಿಯಲ್ಲಿರುವ ಪುಟ್ಟ ಚಿಪ್ಪು ಅದನ್ನು ಬಿಡಿಸಿ ಸದ್ದು ಮಾಡುತ್ತದೆ. ಹೀಗೆ ಮಡಚುವ ಮತ್ತು ಬಿಡಿಸುವ ವಿಧಾನಕ್ಕೇ ಕೋಡೆಕ್ ಎಂದು ಹೆಸರು. ಎರಡೂ ಕಡೆಯವರಿಗೆ ಒಂದೇ ವಿಧಾನ ಗೊತ್ತಿರಬೇಕು. ಆದ್ದರಿಂದ ಕನೆಕ್ಟ್ ಆಗುವ ಹೊತ್ತಿಗೆ ಫೋನೂ ಬಡ್ಸೂ ತಮಗೆ ಏನೇನು ಬರುತ್ತದೆ ಎಂದು ಪರಸ್ಪರ ಹೇಳಿಕೊಂಡು ಒಂದನ್ನು ಆರಿಸಿಕೊಳ್ಳುತ್ತವೆ.

ಮಡಚುವುದು ಯಾಕೆ ಬೇಕು ಎಂಬುದಕ್ಕೆ ಒಂದು ಲೆಕ್ಕ ಸಾಕು. ಸಿ.ಡಿ. ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಐದು ನಿಮಿಷದ ಹಾಡೆಂದರೆ ಸುಮಾರು 53 ಎಂ.ಬಿ. ಬ್ಲೂಟೂತ್‌ನ ಹಾಡಿನ ದಾರಿ ಅಷ್ಟನ್ನು ನೆಮ್ಮದಿಯಾಗಿ ಹೊರುವಷ್ಟು ಅಗಲವಿಲ್ಲ. ಹಾಗಾಗಿ ಕಿವಿಗೆ ಗೊತ್ತಾಗದಂಥ ವಿವರಗಳನ್ನು ಕೋಡೆಕ್ ಬಿಟ್ಟುಬಿಡುತ್ತದೆ. ಎಷ್ಟು ಬಿಡಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿ ಒಂದೊಂದು ಕೋಡೆಕ್‌ನದು ಒಂದೊಂದು ಲೆಕ್ಕಾಚಾರ.

ಹಾಡು ಕೇಳಿಸುವ ಎಲ್ಲ ಬ್ಲೂಟೂತ್ ಸಾಧನಗಳಲ್ಲೂ ಕಡ್ಡಾಯವಾಗಿ ಇರಲೇಬೇಕಾದದ್ದು ಎಸ್‌ಬಿಸಿ. ಚೆನ್ನಾಗಿ ನಡೆದಾಗ ಅದು ಸೆಕೆಂಡಿಗೆ 328 ಕಿಲೋಬಿಟ್ ಕಳಿಸುತ್ತದೆ. ಕೆಲವು ಅಗ್ಗದ ಬಡ್ಸ್ 229ರ ಆಸುಪಾಸಿನಲ್ಲೇ ಸಾಕು ಎನ್ನುತ್ತವೆ. ಅದರ ಮೇಲೆ ಎಎಸಿ ಇದೆ, ಆಪ್ಟ್‌ಎಕ್ಸ್ ಇದೆ. ನಮ್ಮ ಹುಡುಗನ ಬಡ್ಸ್‌ನಲ್ಲಿ ಇದ್ದದ್ದು ಸೋನಿ ರೂಪಿಸಿದ ಎಲ್‌ಡ್ಯಾಕ್. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಅದರ ಮಡಚುವ ಭಾಗ ಆಂಡ್ರಾಯ್ಡ್‌ನ ಒಳಗೇ ಸೇರಿದೆ. ಇದರಲ್ಲಿ 330, 660, 990 ಎಂದು ಮೂರು ಮೆಟ್ಟಿಲು. 990ರಲ್ಲಿ ಐದು ನಿಮಿಷದ ಹಾಡು ಗಾಳಿಯಲ್ಲಿ ಸುಮಾರು 37 ಎಂ.ಬಿ. ಆಗಿ ಹೋಗುತ್ತದೆ. ಎಸ್‌ಬಿಸಿಯಲ್ಲಿ ಅದೇ ಹಾಡು 12 ಎಂ.ಬಿ. ಮಾತ್ರ. ಈ ಮೂರುಪಟ್ಟು ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಸದ್ದು, ತಡವರಿಕೆ, ಬ್ಯಾಟರಿ ಮೂರರ ಕಥೆಯೂ ಅದರಿಂದಲೇ ಹುಟ್ಟುತ್ತದೆ.

ಏಳು ಸಲ ಒತ್ತಿದರೆ ತೆರೆಯುವ ಬಾಗಿಲು

ಆ ಸೆಟ್ಟಿಂಗ್ ಇರುವ ಪುಟವನ್ನು ಆಂಡ್ರಾಯ್ಡ್ ಅಡಗಿಸಿಟ್ಟಿದೆ. ಸೆಟ್ಟಿಂಗ್ಸ್‌ನಲ್ಲಿ About phone ತೆರೆದು, ಅಲ್ಲಿರುವ Build number ಮೇಲೆ ಏಳು ಸಲ ಒತ್ತಬೇಕು. ಫೋನ್ ಪಿನ್ ಕೇಳಬಹುದು. ಆಮೇಲೆ ನೀವೀಗ ಡೆವಲಪರ್ ಆದಿರಿ ಎಂಬ ಸಂದೇಶ ಕಾಣುತ್ತದೆ. ಸ್ಯಾಮ್‌ಸಂಗ್ ಫೋನ್‌ಗಳಲ್ಲಿ Build number ಇರುವುದು Software information ಒಳಗೆ. ಶವೋಮಿ ಫೋನ್‌ಗಳಲ್ಲಿ ಅದರ ಬದಲು ಓ.ಎಸ್. ಆವೃತ್ತಿಯ ಸಾಲನ್ನು ಒತ್ತಬೇಕು. ಅಲ್ಲಿಂದ ಮುಂದೆ ಸೆಟ್ಟಿಂಗ್ಸ್‌ನ System ಒಳಗೆ ಅಥವಾ ಪಟ್ಟಿಯ ಕೊನೆಯಲ್ಲಿ Developer options ಎಂಬ ಹೊಸ ಸಾಲು ಸೇರಿಕೊಂಡಿರುತ್ತದೆ.

ಒಳಗೆ ಹೋಗುವ ಮೊದಲು ಬಡ್ಸ್ ಕಿವಿಗಿಟ್ಟು ಕನೆಕ್ಟ್ ಮಾಡಿ, ಒಂದು ಹಾಡು ಹಚ್ಚಿಡಿ. ಇದನ್ನು ಮರೆತವರೇ ಹೆಚ್ಚು. ಕನೆಕ್ಟ್ ಆಗದಿದ್ದಾಗ ಅಲ್ಲಿನ ಆಯ್ಕೆಗಳು ಮಸುಕಾಗಿರುತ್ತವೆ, ಇಲ್ಲವೇ ಒತ್ತಿದರೂ ಏನೂ ಆಗುವುದಿಲ್ಲ. ಬಳಿಕ ಪುಟವನ್ನು ಕೆಳಗೆ ಸರಿಸುತ್ತ ಹೋದರೆ Networking ಭಾಗದಲ್ಲಿ ಈ ಸಾಲುಗಳು ಸಿಗುತ್ತವೆ:

```
Bluetooth audio codec
Bluetooth audio sample rate
Bluetooth audio LDAC codec: Playback quality
```

ಮೊದಲ ಸಾಲನ್ನು ಒತ್ತಿದರೆ ಕೋಡೆಕ್‌ಗಳ ಪಟ್ಟಿ ತೆರೆಯುತ್ತದೆ. ನಿಮ್ಮ ಬಡ್ಸ್‌ಗೆ ಬಾರದ ಕೋಡೆಕ್‌ಗಳು ಈಚಿನ ಆಂಡ್ರಾಯ್ಡ್‌ನಲ್ಲಿ ಮಸುಕಾಗಿರುತ್ತವೆ. ಹಳೆಯ ಆವೃತ್ತಿಗಳಲ್ಲಿ ಎಲ್ಲವನ್ನೂ ಒತ್ತಬಹುದು, ಆದರೆ ಬಾರದ್ದನ್ನು ಒತ್ತಿದರೆ ಆಯ್ಕೆ ಸದ್ದಿಲ್ಲದೆ ಹಳೆಯದಕ್ಕೇ ವಾಪಸಾಗುತ್ತದೆ. ಆದ್ದರಿಂದ ಒತ್ತಿದ ಮೇಲೆ ಪುಟದಿಂದ ಹೊರಬಂದು ಮತ್ತೆ ಒಳಗೆ ಹೋಗಿ ನೋಡಬೇಕು. ನೀವು ಆರಿಸಿದ ಹೆಸರೇ ಅಲ್ಲಿದ್ದರೆ ಬದಲಾವಣೆ ನಿಂತಿದೆ ಎಂದು ಅರ್ಥ. ಇನ್ನೊಂದು ಗುರುತೂ ಇದೆ. ಕೋಡೆಕ್ ನಿಜವಾಗಿ ಬದಲಾದ ಗಳಿಗೆಯಲ್ಲಿ ಹಾಡು ಸಾಮಾನ್ಯವಾಗಿ ಅರೆಕ್ಷಣ ನಿಂತು ಮುಂದುವರಿಯುತ್ತದೆ.

ದಿನಾ ಬೆಳಗ್ಗೆ ಅದು ಹಳೆಯದಕ್ಕೇ ಹೋಗುತ್ತದೆ ಎಂಬುದು ನನ್ನ ಸೋದರಳಿಯನ ದೂರಾಗಿತ್ತು. ಅದು ಕೆಟ್ಟದ್ದರ ಲಕ್ಷಣವಲ್ಲ. ಈ ಪುಟದ ಆಯ್ಕೆ ಬಹುಪಾಲು ಫೋನ್‌ಗಳಲ್ಲಿ ಆ ಹೊತ್ತಿನ ಸಂಪರ್ಕಕ್ಕಷ್ಟೇ ಅನ್ವಯ. ಕೇಸಿಗೆ ಹಾಕಿದ ಬಡ್ಸ್ ಮತ್ತೆ ಕನೆಕ್ಟ್ ಆದಾಗ ಮಾತುಕತೆ ಮೊದಲಿಂದ ಶುರುವಾಗುತ್ತದೆ. ಆಗ ಫೋನು ತನ್ನ ಆದ್ಯತೆಯ ಪಟ್ಟಿಯಲ್ಲಿ ಮೇಲಿರುವುದನ್ನು ಆರಿಸುತ್ತದೆ. ಮೂಲ ಆಂಡ್ರಾಯ್ಡ್‌ನ ಪಟ್ಟಿಯಲ್ಲಿ ಎಲ್‌ಡ್ಯಾಕ್ ಎಲ್ಲಕ್ಕಿಂತ ಮೇಲೆ, ಎಸ್‌ಬಿಸಿ ಎಲ್ಲಕ್ಕಿಂತ ಕೆಳಗೆ. ಅಂದರೆ ಅವನು ಏನನ್ನೂ ಮುಟ್ಟದಿದ್ದಾಗಲೂ ಕೇಳುತ್ತಿದ್ದದ್ದು ಎಲ್‌ಡ್ಯಾಕನ್ನೇ! ಅವನು ಬದಲಾಯಿಸುತ್ತಿದ್ದದ್ದು ಅದರ ಮೆಟ್ಟಿಲನ್ನು ಮಾತ್ರ.

ನಿಲ್ಲುವಂಥ ಬದಲಾವಣೆ ಬೇಕಿದ್ದರೆ ಅದರ ಜಾಗ ಬೇರೆ. ಬ್ಲೂಟೂತ್ ಪಟ್ಟಿಯಲ್ಲಿ ಬಡ್ಸ್ ಹೆಸರಿನ ಪಕ್ಕದ ಗಾಲಿಯ ಚಿಹ್ನೆ ಒತ್ತಿದರೆ ಅಲ್ಲಿ HD audio ಎಂಬ ಸ್ವಿಚ್ ಕಾಣಬಹುದು. ಅದನ್ನು ಆರಿಸಿದರೆ ಆ ಬಡ್ಸ್ ಎಸ್‌ಬಿಸಿಗೆ ಇಳಿಯುತ್ತದೆ, ಮುಂದಿನ ಸಲ ಕನೆಕ್ಟ್ ಆದಾಗಲೂ ಹಾಗೇ ಇರುತ್ತದೆ. ಎಷ್ಟೋ ಬಡ್ಸ್‌ಗಳ ಕಂಪನಿ ಆ್ಯಪ್‌ನಲ್ಲೂ ಎಲ್‌ಡ್ಯಾಕ್ ಬೇಕೇ ಬೇಡವೇ ಎಂಬ ಆಯ್ಕೆ ಇರುತ್ತದೆ.

ಡೆವಲಪರ್ ಪುಟದ ಬೇರೆ ಸಾಲುಗಳನ್ನು ಮುಟ್ಟಬೇಡಿ. ಆ ಪುಟ ತೆರೆದಿದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ಕೆಲಸ ಮಾಡಲು ಒಪ್ಪುವುದಿಲ್ಲ. ಕೆಲಸ ಮುಗಿದ ಮೇಲೆ ಪುಟದ ತುದಿಯಲ್ಲಿರುವ ಸ್ವಿಚ್ಚನ್ನು ಆರಿಸಿಬಿಟ್ಟರೆ ಆಯಿತು.

ಕಿವಿಗೆ ಎಷ್ಟು ವ್ಯತ್ಯಾಸ?

"990 ಅಂದ್ರೆ ಮೂರು ಪಟ್ಟು ಚೆನ್ನಾಗಿ ಕೇಳ್ಬೇಕಲ್ವಾ ಮಾಮ?" ಎಂದು ಅವನು ಕೇಳಿದ. ಅದನ್ನು ಅವನ ಕಿವಿಯಿಂದಲೇ ತೀರ್ಮಾನಿಸೋಣ ಎಂದೆ. ಫೋನು ನನ್ನ ಕೈಯಲ್ಲಿ, ಬಡ್ಸ್ ಅವನ ಕಿವಿಯಲ್ಲಿ. ಒಂದೇ ಹಾಡಿನ ಒಂದೇ ಮೂವತ್ತು ಸೆಕೆಂಡು, ಒಂದೇ ವಾಲ್ಯೂಮ್. ಒಮ್ಮೊಮ್ಮೆ 660, ಒಮ್ಮೊಮ್ಮೆ 990. ಯಾವುದು ಹಚ್ಚಿದ್ದೇನೆಂದು ನಾನು ಹೇಳುವುದಿಲ್ಲ, ಅವನು ಹೇಳಬೇಕು. ಹೀಗೆ ಹತ್ತು ಸಲ.

ಹತ್ತರಲ್ಲಿ ಐದು ಸರಿಯಾಯಿತು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ಹತ್ತಕ್ಕೆ ಒಂಬತ್ತೋ ಹತ್ತೋ ಸರಿಯಾದರೆ ಮಾತ್ರ ಕಿವಿಗೆ ನಿಜವಾಗಿ ತಿಳಿಯುತ್ತಿದೆ ಎನ್ನಬಹುದು, ಏಕೆಂದರೆ ಸುಮ್ಮನೆ ಊಹಿಸುವವನಿಗೆ ಅಷ್ಟು ಸರಿಯಾಗುವ ಸಾಧ್ಯತೆ ನೂರಕ್ಕೆ ಒಂದರಷ್ಟು. ಆಮೇಲೆ ಎಸ್‌ಬಿಸಿ ಮತ್ತು 660ರ ನಡುವೆ ಹೀಗೇ ಮಾಡಿದೆವು. ಈ ಸಲ ಏಳು ಸರಿ. ಕೊಂಚ ತಿಳಿಯುತ್ತಿರಬಹುದು, ಖಚಿತವಾಗಿ ಹೇಳಲಾಗದು.

ವ್ಯತ್ಯಾಸ ಇದ್ದರೆ ಅದು ಎಲ್ಲಿ ಕೇಳಿಸುತ್ತದೆ ಎಂಬುದು ಗೊತ್ತಿದ್ದರೆ ಹುಡುಕುವುದು ಸುಲಭ. ಗಾಯಕನ ದನಿಯಲ್ಲಿ ಹುಡುಕಬೇಡಿ. ಖಂಜಿರದ ಅಥವಾ ಘಟದ ಚುರುಕಾದ ಪೆಟ್ಟು, ತಾಳ ತಟ್ಟಿದ ಮೇಲೆ ಉಳಿಯುವ ಲೋಹದ ಝೇಂಕಾರ, ಕಛೇರಿಯ ಕೊನೆಯ ಚಪ್ಪಾಳೆ, ಇಂಥ ಕಡೆ ಕಿವಿಗೊಡಿ. ಕಡಿಮೆ ಬಿಟ್ ಇರುವ ಕೋಡೆಕ್ ಹೆಣಗಾಡುವುದು ಇಲ್ಲೇ. ಪೆಟ್ಟಿನ ಅಂಚು ಮೊಂಡಾಗುತ್ತದೆ, ಝೇಂಕಾರದ ಸುತ್ತ ಮರಳು ಸುರಿದಂಥ ಸದ್ದು ಸೇರುತ್ತದೆ, ಚಪ್ಪಾಳೆ ಮಳೆಯ ಹಾಗೆ ಕಲಸಿಹೋಗುತ್ತದೆ. 229ರಲ್ಲಿ ಓಡುವ ಎಸ್‌ಬಿಸಿಯಲ್ಲಿ ಇದನ್ನು ಹಿಡಿಯಬಹುದು. 328ರಲ್ಲಿ ಕಷ್ಟ. ಎಎಸಿಯ ಸ್ಥಿತಿ ಬೇರೆ. ಕಾಗದದ ಮೇಲೆ ಅದು ಒಳ್ಳೆಯ ಕೋಡೆಕ್, ಆದರೆ ಆಂಡ್ರಾಯ್ಡ್‌ನಲ್ಲಿ ಅದನ್ನು ಮಡಚುವ ಕೆಲಸವನ್ನು ಒಂದೊಂದು ಫೋನು ಒಂದೊಂದು ರೀತಿ ಮಾಡುತ್ತದೆ. ಅದೇ ಬಡ್ಸ್ ಒಂದು ಫೋನಿನಲ್ಲಿ ಚೆನ್ನಾಗಿಯೂ ಇನ್ನೊಂದರಲ್ಲಿ ಸಪ್ಪೆಯಾಗಿಯೂ ಕೇಳುವುದುಂಟು. ಅದನ್ನು ನಿಮ್ಮ ಫೋನಿನಲ್ಲಿಯೇ ಕೇಳಿ ತಿಳಿಯಬೇಕು.

ನಮ್ಮ ಪರೀಕ್ಷೆಯ ನಡುವೆ ಇನ್ನೊಂದು ಸಂಗತಿ ಹೊರಬಿತ್ತು. ಅವನ ಹಾಡಿನ ಆ್ಯಪ್ ತೆರೆದು ನೋಡಿದರೆ, ಮೊಬೈಲ್ ಡೇಟಾದಲ್ಲಿ ಕೇಳುವಾಗ ಗುಣಮಟ್ಟ ತೀರಾ ಕೆಳಗಿನ ಹಂತದಲ್ಲಿತ್ತು. ಡೇಟಾ ಉಳಿಸಲು ಎಂದೋ ಹಾಗಿಟ್ಟು ಮರೆತಿದ್ದ. ಆ್ಯಪ್‌ಗೆ ಬರುವಾಗಲೇ ವಿವರ ಕಳೆದುಕೊಂಡ ಹಾಡನ್ನು 990ರ ದಾರಿಯಲ್ಲಿ ಕಳಿಸಿದರೆ ಕಳೆದದ್ದು ಮರಳುವುದಿಲ್ಲ. ಅದನ್ನು ಮೇಲಿನ ಹಂತಕ್ಕೆ ಇಟ್ಟು ಕೇಳಿಸಿದೆ. "ಓ, ಇದು ಗೊತ್ತಾಗ್ತಿದೆ!" ಎಂದ. ಕೋಡೆಕ್ ಪುಟದಲ್ಲಿ ಮೂರು ದಿನ ಹುಡುಕಿದ್ದು ಅವನಿಗೆ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಸಿಕ್ಕಿತು. ಐವತ್ತು ವರ್ಷ ಹಿಂದಿನ ಚಿತ್ರಗೀತೆಗಳಿಗೂ ಈ ಮಾತು ಸಲ್ಲುತ್ತದೆ. ಮೂಲದ ಮುದ್ರಣದಲ್ಲೇ ಇಲ್ಲದ ಎತ್ತರದ ಸ್ವರಗಳನ್ನು ಯಾವ ಕೋಡೆಕ್ಕೂ ತಂದುಕೊಡಲಾರದು.

ಅವನು ಮಾಡಿದ್ದ ಇನ್ನೊಂದು ಬದಲಾವಣೆ ಸ್ಯಾಂಪಲ್ ರೇಟನ್ನು 96ಕ್ಕೆ ಏರಿಸಿದ್ದು. ಸ್ಯಾಂಪಲ್ ರೇಟ್ ಎಂದರೆ ಸದ್ದನ್ನು ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆಯುತ್ತಾರೆ ಎಂಬ ಲೆಕ್ಕ. ಹೆಚ್ಚಿನ ಹಾಡುಗಳು ತಯಾರಾಗಿರುವುದು 44.1ರಲ್ಲಿ. ಅವನ್ನು 96ಕ್ಕೆ ಹಿಗ್ಗಿಸಿದರೆ ಹೊಸ ವಿವರ ಹುಟ್ಟುವುದಿಲ್ಲ. ಆದರೆ ಎಲ್‌ಡ್ಯಾಕ್‌ನ ಬಿಟ್ಟುಗಳ ಒಟ್ಟು ಸಂಖ್ಯೆ 48ಕ್ಕೂ 96ಕ್ಕೂ ಒಂದೇ. ಅಷ್ಟೇ ಬೆಣ್ಣೆಯನ್ನು ಎರಡರಷ್ಟು ದೊಡ್ಡ ರೊಟ್ಟಿಗೆ ಸವರಿದ ಹಾಗಾಗುತ್ತದೆ. ಅದನ್ನು 44.1ಕ್ಕೆ ಇಳಿಸಿದೆವು. ಅಲ್ಲಿ ಎಲ್‌ಡ್ಯಾಕ್‌ನ ಮೂರು ಮೆಟ್ಟಿಲು 303, 606, 909 ಆಗುತ್ತವೆ.

ಮೆಜೆಸ್ಟಿಕ್‌ನಲ್ಲಿ ಆಗುವುದೇನು

ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಸ್ ಎಂಬ ತರಂಗಪಟ್ಟಿಯಲ್ಲಿ. ಹಳೆಯ ವೈಫೈ ಕೂಡ ಅಲ್ಲೇ, ಪಕ್ಕದವರ ಬಡ್ಸ್ ಕೂಡ ಅಲ್ಲೇ. ಬ್ಲೂಟೂತ್ ಆ ಪಟ್ಟಿಯನ್ನು 79 ಓಣಿಗಳಾಗಿ ಮಾಡಿಕೊಂಡು, ಸೆಕೆಂಡಿಗೆ 1,600 ಸಲದವರೆಗೆ ಓಣಿ ಬದಲಾಯಿಸುತ್ತ ಗದ್ದಲ ತಪ್ಪಿಸಿಕೊಳ್ಳುತ್ತದೆ. ಆದರೂ ಒಂದು ಪೊಟ್ಟಣ ದಾರಿಯಲ್ಲಿ ಹಾಳಾದರೆ ಅದನ್ನು ಮತ್ತೆ ಕಳಿಸಬೇಕು. ಮತ್ತೆ ಕಳಿಸಲು ಬಿಡುವಿರಬೇಕು.

990ರಲ್ಲಿ ಆ ಬಿಡುವೇ ಇರುವುದಿಲ್ಲ. ಹಾಡು ಕಳಿಸಲು ಸಾಮಾನ್ಯವಾಗಿ ಬಳಕೆಯಾಗುವ ಬ್ಲೂಟೂತ್ ಪೊಟ್ಟಣಗಳು ಎಲ್ಲ ಸರಿಯಿದ್ದಾಗ ಹೊರಬಲ್ಲದ್ದು ಸೆಕೆಂಡಿಗೆ ಸುಮಾರು 1,450 ಕಿಲೋಬಿಟ್. 990 ಎಂದರೆ ಅದರ ಮೂರರಲ್ಲಿ ಎರಡು ಭಾಗ ಆಗಲೇ ತುಂಬಿತು. ಎಸ್‌ಬಿಸಿಯ 328 ಕಾಲು ಭಾಗವನ್ನೂ ತುಂಬುವುದಿಲ್ಲ. ಮನೆಯಲ್ಲಿ ಕೂತಾಗ ಪೊಟ್ಟಣಗಳು ಹಾಳಾಗುವುದು ಕಡಿಮೆ, ಹಾಗಾಗಿ 990 ಚೆನ್ನಾಗಿಯೇ ನಡೆಯುತ್ತದೆ. ಮೆಜೆಸ್ಟಿಕ್‌ನಲ್ಲಿ ಬೋಗಿಯೊಳಗೆ ಜನ ನುಗ್ಗಿದಾಗ ಎರಡು ಸಂಗತಿ ಒಟ್ಟಿಗೇ ನಡೆಯುತ್ತವೆ. ಅಷ್ಟೂ ಜನರ ಜೇಬಿನಲ್ಲಿರುವ ರೇಡಿಯೋಗಳು ಅದೇ ಪಟ್ಟಿಗೆ ಬರುತ್ತವೆ. ನೀರೇ ತುಂಬಿರುವ ಮನುಷ್ಯರ ಮೈ ಆ ತರಂಗಗಳನ್ನು ಹೀರಿಕೊಳ್ಳುತ್ತದೆ. ಅವನ ಫೋನು ಪ್ಯಾಂಟಿನ ಹಿಂದಿನ ಜೇಬಿನಲ್ಲಿ. ಅಂದರೆ ಹಾಡು ಮೊದಲು ಅವನದೇ ಮೈಯನ್ನು ದಾಟಿ ಕಿವಿಗೆ ಬರಬೇಕು. ಪೊಟ್ಟಣಗಳು ಹಾಳಾದವು, ಮತ್ತೆ ಕಳಿಸಲು ಬಿಡುವಿಲ್ಲ, ಬಡ್ಸ್‌ನಲ್ಲಿ ಕೂಡಿಟ್ಟಿದ್ದ ಅರೆಕ್ಷಣದ ಹಾಡು ಖಾಲಿಯಾಯಿತು, ಸದ್ದು ನಿಂತಿತು.

ಇಂಥ ಹೊತ್ತಿಗೇ ಎಂದು ಎಲ್‌ಡ್ಯಾಕ್‌ನ ಪಟ್ಟಿಯಲ್ಲಿ Best Effort (Adaptive Bit Rate) ಎಂಬ ಆಯ್ಕೆಯಿದೆ. ದಾರಿ ಚೆನ್ನಾಗಿದ್ದಾಗ ಮೇಲಕ್ಕೆ, ಗದ್ದಲವಿದ್ದಾಗ ಕೆಳಗೆ ಎಂದು ಅದು ತಾನಾಗಿಯೇ ಮೆಟ್ಟಿಲು ಬದಲಾಯಿಸುತ್ತದೆ. ನಮ್ಮ ಹುಡುಗ 990ಕ್ಕೆ ಕಟ್ಟಿಹಾಕಿದ್ದರಿಂದ ಅದಕ್ಕೆ ಇಳಿಯುವ ಸ್ವಾತಂತ್ರ್ಯವೇ ಇರಲಿಲ್ಲ. ಮೊದಲ ಎರಡು ದಿನ ಹಾಡು ಸರಿಯಾಗಿ ಬಂದದ್ದು ಆ ಸ್ವಾತಂತ್ರ್ಯ ಇದ್ದದ್ದರಿಂದ.

ತಡವರಿಕೆ ಕೋಡೆಕ್‌ನದೋ ಇಂಟರ್‌ನೆಟ್‌ನದೋ ಎಂಬ ಅನುಮಾನ ಬಂದರೆ ಪತ್ತೆ ಸುಲಭ. ಹಾಡನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟು ಅದೇ ಜಾಗದಲ್ಲಿ ಕೇಳಿ. ಆಗಲೂ ತುಂಡಾದರೆ ದೋಷ ರೇಡಿಯೋ ದಾರಿಯಲ್ಲಿದೆ. ಫೋನನ್ನು ಹಿಂದಿನ ಜೇಬಿನಿಂದ ಅಂಗಿಯ ಜೇಬಿಗೆ ತಂದಾಗ ಸರಿಯಾದರೆ ಅನುಮಾನವೇ ಬೇಡ.

ಕರೆಗಳ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಈ ಪುಟದಲ್ಲಿ ಏನೇ ಬದಲಾಯಿಸಿದರೂ ಫೋನ್ ಮಾತಿನ ದನಿ ಬದಲಾಗುವುದಿಲ್ಲ. ಕರೆ ಬಂದ ಕೂಡಲೇ ಬ್ಲೂಟೂತ್ ಹಾಡಿನ ದಾರಿ ಬಿಟ್ಟು ಮಾತಿನ ದಾರಿ ಹಿಡಿಯುತ್ತದೆ, ಅದಕ್ಕೆ ಬೇರೆಯೇ ಕೋಡೆಕ್.

ಬ್ಯಾಟರಿ ಸೋರುವುದು ಕಿವಿಯಲ್ಲಿ

ಕೋಡೆಕ್ ಬದಲಾಯಿಸಿದರೆ ಫೋನಿನ ಚಾರ್ಜ್ ಬೇಗ ಮುಗಿಯುತ್ತದೆ ಎಂಬ ಭಯ ಹಲವರಿಗಿದೆ. ಅಂಥ ನಷ್ಟವಿಲ್ಲ. ಮಡಚುವ ಕೆಲಸ ಇಂದಿನ ಪ್ರೊಸೆಸರ್‌ಗೆ ಹಗುರ. ಎಷ್ಟೋ ಫೋನ್‌ಗಳಲ್ಲಿ ಅದಕ್ಕೆಂದೇ ಪ್ರತ್ಯೇಕ ಮಿತವ್ಯಯದ ಚಿಪ್ಪಿನ ಭಾಗವಿದೆ. ನಷ್ಟ ಕಾಣುವುದು ಬಡ್ಸ್‌ನಲ್ಲಿ. ಯಾಕೆಂದು ಲೆಕ್ಕ ಹಾಕಿ ನೋಡೋಣ.

ಫೋನಿನ ಬ್ಯಾಟರಿ 5,000 ಎಂಎಎಚ್ ಎಂದುಕೊಳ್ಳಿ. ಒಂದು ಇಯರ್‌ಬಡ್‌ನದು 50. ನೂರು ಪಟ್ಟು ಚಿಕ್ಕದು. ಆ ಬಡ್ ಎಂಟು ಗಂಟೆ ಹಾಡಿದರೆ ಸರಾಸರಿ 6.25 ಮಿಲಿಆಂಪ್ ಎಳೆಯುತ್ತಿದೆ ಎಂದಾಯಿತು. ಮೂರುಪಟ್ಟು ಪೊಟ್ಟಣ ಬಂದರೆ ಬಡ್‌ನ ರೇಡಿಯೋ ಹೆಚ್ಚು ಹೊತ್ತು ಎಚ್ಚರವಾಗಿರಬೇಕು, ಚಿಪ್ಪು ಹೆಚ್ಚು ಬಿಡಿಸಬೇಕು. ಅದಕ್ಕೆ ಒಂದೇ ಒಂದು ಮಿಲಿಆಂಪ್ ಹೆಚ್ಚು ಬೇಕಾಯಿತು ಎನ್ನಿ. ಎಂಟು ಗಂಟೆ ಏಳಕ್ಕಿಂತ ಕೆಳಗೆ ಬರುತ್ತದೆ. ಫೋನು ಅದರ ಹತ್ತುಪಟ್ಟು, ಅಂದರೆ ಹತ್ತು ಮಿಲಿಆಂಪ್ ಹೆಚ್ಚು ಎಳೆದರೂ ಏಳು ಗಂಟೆಯಲ್ಲಿ ಹೋಗುವುದು 70 ಎಂಎಎಚ್, ಒಟ್ಟು ಬ್ಯಾಟರಿಯ ನೂರಕ್ಕೆ ಒಂದೂವರೆ ಪಾಲು. ಪರದೆಯನ್ನು ಸ್ವಲ್ಪ ಹೊತ್ತು ಹೆಚ್ಚು ಬೆಳಗಿಸಿದರೂ ಅಷ್ಟು ಖರ್ಚಾಗುತ್ತದೆ. ಎಲ್‌ಡ್ಯಾಕನ್ನು ರೂಪಿಸಿದ ಸೋನಿಯೇ ತನ್ನ ಹೆಡ್‌ಫೋನ್‌ಗಳ ಸಹಾಯ ಪುಟಗಳಲ್ಲಿ ಕೋಡೆಕ್‌ವಾರು ಬೇರೆ ಬೇರೆ ಗಂಟೆಗಳನ್ನು ಕೊಡುತ್ತದೆ. ಎಲ್‌ಡ್ಯಾಕ್‌ನ ಎದುರು ಕಡಿಮೆ ಗಂಟೆಗಳಿರುತ್ತವೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾದ ಗಂಟೆಗಳು ಯಾವ ಕೋಡೆಕ್‌ಗೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ನಿಮ್ಮ ಬಡ್ಸ್‌ನಲ್ಲಿ ಎಷ್ಟು ಕಡಿಮೆಯಾಗುತ್ತದೆ ಎಂದು ನೀವೇ ಅಳೆಯಬಹುದು. ಬಡ್ಸ್ ಪೂರ್ತಿ ಚಾರ್ಜ್ ಮಾಡಿ, ಡೌನ್‌ಲೋಡ್ ಮಾಡಿದ ಹಾಡುಗಳನ್ನು ಒಂದೇ ವಾಲ್ಯೂಮ್‌ನಲ್ಲಿ, ಹೊರಗಿನ ಸದ್ದು ತಡೆಯುವ ಸೌಲಭ್ಯವನ್ನು ಒಂದೇ ರೀತಿ ಇಟ್ಟು, ಎರಡು ಗಂಟೆ ಹಚ್ಚಿ. ಎಷ್ಟು ಶೇಕಡಾ ಇಳಿಯಿತು ಎಂದು ಬರೆದಿಡಿ. ಮರುದಿನ ಕೋಡೆಕ್ ಮಾತ್ರ ಬದಲಾಯಿಸಿ ಮತ್ತೆ ಎರಡು ಗಂಟೆ. ನಡುವೆ ಬಡ್ಸ್ ತೆಗೆಯಬೇಡಿ. ತೆಗೆದರೆ ಆಯ್ಕೆ ಹಳೆಯದಕ್ಕೆ ಹೋಗಿ ಲೆಕ್ಕ ತಪ್ಪುತ್ತದೆ.

ಸೋಮವಾರ ಬೆಳಗ್ಗೆ

ಭಾನುವಾರ ಸಂಜೆ ಅವನು ಹೊರಡುವ ಹೊತ್ತಿಗೆ ಎಲ್‌ಡ್ಯಾಕ್‌ನ ಆಯ್ಕೆ Best Effortಗೆ ಮರಳಿತ್ತು. ಆ್ಯಪ್‌ನ ಗುಣಮಟ್ಟ ಮೇಲೇರಿತ್ತು. ಪ್ರಯಾಣದಲ್ಲಿ ಕೇಳುವ ಹಾಡುಗಳನ್ನು ಮನೆಯ ವೈಫೈನಲ್ಲೇ ಇಳಿಸಿಕೊಂಡ. ಫೋನು ಅಂಗಿಯ ಜೇಬಿಗೆ ಬಂತು. ಅಷ್ಟಾಗಿಯೂ ಕಟ್ ಆದರೆ ಕೋಡೆಕ್ ಸಾಲಿನಲ್ಲಿ ಎಎಸಿ ಒತ್ತಿ ನೋಡು ಎಂದೆ. ದೂರದ ಪ್ರಯಾಣದಲ್ಲಿ ಚಾರ್ಜ್ ಸಾಲದು ಅನ್ನಿಸಿದರೆ HD audio ಆರಿಸಿ ಎಸ್‌ಬಿಸಿಯಲ್ಲೇ ಕೇಳು, ರೈಲಿನ ಸದ್ದಿನಲ್ಲಿ ನಿನ್ನ ಕಿವಿಗೆ ಕೊರತೆಯೇನೂ ತಿಳಿಯದು ಎಂದೂ ಹೇಳಿದೆ. ರಾತ್ರಿ ಕೋಣೆಯಲ್ಲಿ ಒಬ್ಬನೇ ಕೂತು ಕಛೇರಿ ಕೇಳುವಾಗ ಬೇಕಿದ್ದರೆ 990 ಇಟ್ಟುಕೊಳ್ಳಲಿ. ಅಲ್ಲಿ ಗಾಳಿಯೂ ಖಾಲಿ, ಚಾರ್ಜರ್ರೂ ಹತ್ತಿರ.

ಸೋಮವಾರ ಬೆಳಗ್ಗೆ ಒಂಬತ್ತೂಕಾಲಿಗೆ ಅವನಿಂದ ಒಂದು ಸಾಲಿನ ಮೆಸೇಜ್ ಬಂತು. "ಮೆಜೆಸ್ಟಿಕ್ ದಾಟಿದೆ ಮಾಮ, ಹಾಡು ನಿಂತಿಲ್ಲ."